ಪವಿತ್ರ ಕುಟುಂಬದ ಹಬ್ಬ: ಊಟ ಬಡಿಸಿದವನನ್ನು ಅವರು ಹೇಗೆ ಕಂಡರು?



ಕ್ರಿಸ್ಮಸ್ ಗೋದಲಿಯನ್ನು ಇನ್ನೂ ಬಿಚ್ಚಿರುವುದಿಲ್ಲ, ಅಷ್ಟರಲ್ಲೇ ಪವಿತ್ರ ಕುಟುಂಬದ ಹಬ್ಬ ಬಂದಿರುತ್ತದೆ. ಆಗಮನ ಕಾಲ ಮುಗಿದು ತಪಸ್ಸುಕಾಲ ಆರಂಭವಾಗುವುದರೊಳಗೆ ಮದುವೆ ಮುಗಿಸಬೇಕೆಂಬ ಅವಸರ ನಮ್ಮ ಕುಟುಂಬಗಳಲ್ಲಿ ಇರುವುದರಿಂದ, ಈ ಹಬ್ಬದ ದಿನಗಳಲ್ಲಿ ಧರ್ಮಕೇಂದ್ರದ ಕಚೇರಿಯ ಬೆಂಚಿನ ಮೇಲೆ ಯಾವಾಗಲೂ ಒಂದೆರಡು ಜೋಡಿಗಳು ಕುಳಿತಿರುತ್ತವೆ. ದೀಕ್ಷಾಸ್ನಾನದ ಪತ್ರ, ತರಬೇತಿಯ ಪತ್ರ, ಸಾಕ್ಷಿಗಳ ಹೆಸರು ಎಲ್ಲವನ್ನೂ ಅವರು ಜೋಡಿಸಿ ತಂದಿರುತ್ತಾರೆ. ಯಾವ ಪತ್ರದಲ್ಲೂ ಬರೆಯಲಾಗದ ಒಂದು ವಿಷಯದ ಬಗ್ಗೆ ಈ ಹಬ್ಬದ ನೆಪದಲ್ಲಿ ನಾವು ಮಾತನಾಡಬೇಕೆಂದಿದ್ದೇವೆ.

ಹಬ್ಬದ ಎರಡನೇ ವಾಚನವನ್ನು ನೆನಪಿಸಿಕೊಳ್ಳಿ. ಕೊಲೊಸ್ಸೆಯರಿಗೆ ಸಂತ ಪೌಲರು ಬರೆದ ಪತ್ರದ ಮೂರನೇ ಅಧ್ಯಾಯದ 12ರಿಂದ 21ರವರೆಗಿನ ಭಾಗವದು. ಹೆಂಡತಿಯರು ಗಂಡಂದಿರಿಗೆ ವಿಧೇಯರಾಗಿರಬೇಕೆಂಬ ಮಾತು ಬಂದಾಗ ಗಂಡಸರ ಸಾಲಿನಲ್ಲಿ ಒಂದು ಮುಗುಳ್ನಗೆ ಹಾದುಹೋಗುವುದನ್ನು ನಾವು ಪೀಠದಿಂದ ನೋಡುತ್ತಲೇ ಇರುತ್ತೇವೆ. ಗಂಡಂದಿರು ಹೆಂಡತಿಯರೊಡನೆ ಕಟುವಾಗಿ ನಡೆದುಕೊಳ್ಳಬಾರದೆಂಬ ಮುಂದಿನ ಮಾತಿಗೆ ಆ ನಗೆ ಇರುವುದಿಲ್ಲ. ಬಳಿಕ ಮಕ್ಕಳು, ತಂದೆಯರು. ಅಲ್ಲಿಗೆ ವಾಚನ ಮುಗಿಯುತ್ತದೆ, ನಾವೆಲ್ಲ ದೇವರಿಗೆ ಕೃತಜ್ಞತೆ ಹೇಳಿ ಕುಳಿತುಬಿಡುತ್ತೇವೆ.

ಆದರೆ ಪೌಲರು ಅಲ್ಲಿಗೆ ನಿಲ್ಲಿಸಿರಲಿಲ್ಲ. ಮನೆಗೆ ಹೋಗಿ ಬೈಬಲ್ ತೆರೆದು 22ನೇ ವಚನದಿಂದ ನಾಲ್ಕನೇ ಅಧ್ಯಾಯದ ಮೊದಲ ವಚನದವರೆಗೆ ಓದಿ ನೋಡಿ. ಅಲ್ಲಿ ಮನೆಯ ದಾಸರ ಮಾತು ಬರುತ್ತದೆ, ಅವರ ಯಜಮಾನರ ಮಾತು ಬರುತ್ತದೆ. ಯಜಮಾನನು ತನ್ನ ಕೈಕೆಳಗಿನವರನ್ನು ನ್ಯಾಯವಾಗಿ ನಡೆಸಿಕೊಳ್ಳಬೇಕು, ಏಕೆಂದರೆ ಅವನಿಗೂ ಸ್ವರ್ಗದಲ್ಲಿ ಒಬ್ಬ ಯಜಮಾನನಿದ್ದಾನೆ ಎಂಬುದು ಅದರ ತಾತ್ಪರ್ಯ. ದಾಸತ್ವವಿದ್ದ ಆ ಕಾಲದ ವ್ಯವಸ್ಥೆಯನ್ನು ನಾವಿಂದು ಒಪ್ಪುವುದಿಲ್ಲ. ಆದರೂ ಒಂದನ್ನು ಗಮನಿಸಬೇಕು. ಹೆಂಡತಿ, ಮಕ್ಕಳು, ಮನೆಯ ಆಳು, ಈ ಮೂವರನ್ನೂ ಪೌಲರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅವರ ದೃಷ್ಟಿಯಲ್ಲಿ ಒಬ್ಬ ಗಂಡಸಿಗೆ ಹೆಂಡತಿಗೊಂದು ಆಳಿಗೊಂದು ಎಂದು ಎರಡು ಹೃದಯಗಳಿಲ್ಲ. ಭಾನುವಾರದ ವಾಚನ ಮಧ್ಯದಲ್ಲಿ ತುಂಡಾಗಿರುವುದರಿಂದ ಈ ನಂಟು ನಮ್ಮ ಕಿವಿಗೆ ಬೀಳುವುದಿಲ್ಲ.

ಈ ನಂಟು ಏನೆಂಬುದನ್ನು ನಮಗೆ ಚೆನ್ನಾಗಿ ಕಲಿಸಿಕೊಟ್ಟವಳು ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗಿ. ಅವಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಆ ಸಂಗತಿಯನ್ನು ಇಲ್ಲಿ ಹೇಳುತ್ತೇವೆ.

ಅವಳು ನರ್ಸ್. ವಯಸ್ಸು ಇಪ್ಪತ್ತೇಳು. ಹುಡುಗ ಬೆಂಗಳೂರಿನಲ್ಲಿ ಒಳ್ಳೆಯ ನೌಕರಿಯಲ್ಲಿದ್ದ, ಕುಡಿಯುತ್ತಿರಲಿಲ್ಲ, ಭಾನುವಾರದ ಪೂಜೆ ತಪ್ಪಿಸುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ನಿಶ್ಚಿತಾರ್ಥವಾಗಿ ಜನವರಿಗೆ ಮದುವೆ ಗೊತ್ತಾಗಿತ್ತು. ಎರಡನೇ ಭಾನುವಾರದ ಪ್ರಕಟಣೆಯನ್ನು ಓದಿದ ಮರುದಿನ ಅವಳೊಬ್ಬಳೇ ಕಚೇರಿಗೆ ಬಂದಳು. "ಫಾದರ್, ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ. ಹೇಳಿದ್ರೆ ಇದೊಂದು ವಿಷಯಾನಾ ಅಂತ ನಗ್ತೀರೇನೋ" ಎಂದು ಆರಂಭಿಸಿದಳು.

ಅವಳು ಹೇಳಿದ್ದಿಷ್ಟು. ಮದುವೆ ಸೀರೆ ಕೊಳ್ಳಲು ಎರಡು ಮನೆಯವರೂ ಮೈಸೂರಿಗೆ ಹೋಗಿದ್ದರು. ಮಧ್ಯಾಹ್ನ ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ, ಬಡಿಸುತ್ತಿದ್ದ ಸಪ್ಲೈಯರ್ ಕೈತಪ್ಪಿ ಒಂದಿಷ್ಟು ರಸಂ ಮೇಜಿನ ಮೇಲೆ ಚೆಲ್ಲಿತು. ಬಟ್ಟೆಗೇನೂ ಬೀಳಲಿಲ್ಲ. ಆತನಿಗೆ ಐವತ್ತು ದಾಟಿದ ವಯಸ್ಸು. ಹುಡುಗ ತಟ್ಟನೆ, "ಕಣ್ಣು ಕಾಣಲ್ವೇನೋ ನಿಂಗೆ? ಯಾವನೋ ನಿನ್ನ ಕೆಲಸಕ್ಕೆ ಇಟ್ಕೊಂಡಿದ್ದು?" ಎಂದು ಗದರಿದ. ಸುತ್ತಲಿನವರು ತಿರುಗಿ ನೋಡಿದರು. ಗಲ್ಲಾಪೆಟ್ಟಿಗೆಯ ಹತ್ತಿರವಿದ್ದ ಮಾಲೀಕರು ಎದ್ದು ಬಂದು ಕ್ಷಮೆ ಕೇಳಿದರು. ಅವರನ್ನು ಕಂಡ ಕೂಡಲೇ ಹುಡುಗ, "ಪರವಾಗಿಲ್ಲ ಸಾರ್, ಆಗುತ್ತೆ ಬಿಡಿ" ಎಂದು ನಕ್ಕ. ಆಮೇಲೆ ಇವಳ ಕಡೆ ತಿರುಗಿ, "ಪಾಯಸ ಹಾಕಿಸ್ಕೊಳ್ಳಿ, ಚೆನ್ನಾಗಿದೆ" ಎಂದು ಮೃದುವಾಗಿ ಹೇಳಿದ.

"ಆವತ್ತು ನಂಗೆ ಒಳಗೊಳಗೇ ಸ್ವಲ್ಪ ಖುಷಿನೂ ಆಯ್ತು ಫಾದರ್" ಎಂದಳು ಅವಳು. "ಬೇರೆಯವ್ರ ಮೇಲೆ ಹೀಗೆ ಕೂಗೋರು ನನ್ನ ಹತ್ರ ಮಾತ್ರ ಎಷ್ಟು ಮೆತ್ತಗಿರ್ತಾರೆ ಅಂತ."

ಈ ಮಾತನ್ನು ಅವಳು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ನಾವು ಇಂದಿಗೂ ಅವಳನ್ನು ಮೆಚ್ಚುತ್ತೇವೆ. ಎಷ್ಟೋ ಹೆಣ್ಣುಮಕ್ಕಳು, ಎಷ್ಟೋ ಗಂಡುಮಕ್ಕಳು ಕೂಡ, ಎಡವುವುದು ಇಲ್ಲಿಯೇ. ಹೊರಗಿನವರ ಮೇಲೆ ಬೀಳುವ ಬೆಂಕಿ ತಮ್ಮ ಹತ್ತಿರ ಬಂದಾಗ ದೀಪವಾಗುತ್ತದೆಂದು, ಅದು ತಮ್ಮ ಪ್ರೀತಿಯ ಶಕ್ತಿಯೆಂದು ಅವರು ತಿಳಿಯುತ್ತಾರೆ.

ಎರಡನೇ ಸಂಗತಿ ಒಂದು ಕ್ಯಾಬಿನಲ್ಲಿ ನಡೆದದ್ದು. ಡ್ರೈವರ್ ಒಂದು ತಿರುವು ತಪ್ಪಿಸಿದ್ದರಿಂದ ಐದು ನಿಮಿಷ ತಡವಾಯಿತು. ದಾರಿಯುದ್ದಕ್ಕೂ ಆತನನ್ನು ಬೈದು, ಇಳಿದ ಮೇಲೆ ಫೋನಿನಲ್ಲಿ ಒಂದೇ ಸ್ಟಾರ್ ಕೊಟ್ಟು ದೂರು ಬರೆದು, ಅದನ್ನು ಮನೆಯಲ್ಲಿ ತಮಾಷೆಯಾಗಿ ಹೇಳಿಕೊಂಡ. ಮೂರನೆಯದು ಹುಡುಗನ ಮನೆಯಲ್ಲಿಯೇ ನಡೆಯಿತು. ಅವರ ಜೊತೆಯಲ್ಲಿ ವಿಧವೆಯಾದ ಅವನ ಚಿಕ್ಕಮ್ಮ ಇದ್ದರು. ಅವರು ತಂದ ಕಾಫಿಯಲ್ಲಿ ಕೆನೆ ತೇಲುತ್ತಿತ್ತು. ಹುಡುಗ ಏನೂ ಹೇಳದೆ ಲೋಟವನ್ನು ಮುಂದಕ್ಕೆ ತಳ್ಳಿದ, ಕಾಫಿ ತಟ್ಟೆಗೆ ಚೆಲ್ಲಿತು. ತಾಯಿ ಓಡಿ ಬಂದು ಬೇರೆ ಲೋಟ ತಂದಿಟ್ಟರು. ಚಿಕ್ಕಮ್ಮ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು. ಅವನ ತಂಗಿ ಇವಳ ಕಿವಿಯಲ್ಲಿ, "ಅಣ್ಣ ಒಂದೊಂದ್ಸಲ ಹಾಗೇ ಅತ್ತಿಗೆ. ನಿಮಗೂ ಅಭ್ಯಾಸ ಆಗುತ್ತೆ" ಎಂದಳಂತೆ.

"ಆ ಅಭ್ಯಾಸ ಅನ್ನೋ ಮಾತಿನಿಂದ ನಂಗೆ ನಿದ್ದೆ ಬರ್ತಿಲ್ಲ" ಎಂದು ಅವಳು ನಿಲ್ಲಿಸಿದಳು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಇಂಥದೇ ಮಾತನ್ನು ತಂದಿದ್ದ ಇನ್ನೊಬ್ಬ ಹುಡುಗಿಗೆ ನಾವು, "ಗಂಡಸರಿಗೆ ಸ್ವಲ್ಪ ಕೋಪ ಇರುತ್ತಮ್ಮ, ಮದುವೆಯಾದ ಮೇಲೆ ಸರಿಹೋಗುತ್ತದೆ" ಎಂದು ಹೇಳಿ, ಆಶೀರ್ವದಿಸಿ ಕಳಿಸಿದ್ದೆವು. ಎರಡು ವರ್ಷ ತುಂಬುವ ಮೊದಲೇ ಆಕೆ ಕೈಗೂಸಿನೊಂದಿಗೆ ತವರಿಗೆ ಮರಳಿದಳು. ಆಕೆ ನಮ್ಮನ್ನು ದೂರಲಿಲ್ಲ. ದೂರಿದ್ದರೆ ಹಗುರಾಗುತ್ತಿತ್ತು. ಆದ್ದರಿಂದ ಈ ಸಲ ನಾವು ಅವಸರದ ಸಮಾಧಾನ ಹೇಳದೆ, ಅವಳು ಕಂಡಿದ್ದನ್ನೇ ಅವಳ ಜೊತೆ ಕುಳಿತು ಮತ್ತೊಮ್ಮೆ ನೋಡಿದೆವು.

ಮೊದಲು ನೋಡಿದ್ದು ಆ ಅರ್ಧ ನಿಮಿಷವನ್ನು. ಸಪ್ಲೈಯರ್ ಎದುರಿಗಿದ್ದಾಗ ಗದರಿಕೆ, ಮಾಲೀಕರು ಬಂದಾಗ ನಗು. "ನನಗೆ ಕೋಪ ಬಂದರೆ ಏನು ಮಾಡುತ್ತೇನೋ ನನಗೇ ಗೊತ್ತಾಗುವುದಿಲ್ಲ" ಎಂದು ಇಂಥವರು ಹೇಳಿಕೊಳ್ಳುವುದುಂಟು, ಮನೆಯವರೂ ಅದನ್ನೇ ನಂಬಿರುತ್ತಾರೆ. ಆದರೆ ನಿಜವಾಗಿಯೂ ಹಿಡಿತ ತಪ್ಪಿದ ಕೋಪಕ್ಕೆ ಎದುರಿಗಿರುವವನು ಮಾಲೀಕನೋ ಆಳೋ ಎಂಬುದು ಕಾಣಿಸಬಾರದಲ್ಲವೇ? ಇವನ ಕೋಪಕ್ಕೆ ಅದು ಚೆನ್ನಾಗಿ ಕಾಣಿಸುತ್ತಿತ್ತು. ಆಫೀಸಿನ ಮೇಲಧಿಕಾರಿಯ ಮುಂದೆ, ಟ್ರಾಫಿಕ್ ಪೊಲೀಸರ ಮುಂದೆ, ನಮ್ಮ ಮುಂದೆ ಅದು ಎಂದೂ ಹೊರಬಿದ್ದಿರಲಿಲ್ಲ. ಅಂದರೆ ಅವನಿಗೆ ಹಿಡಿತವಿತ್ತು. ಯಾರು ತಿರುಗಿ ಮಾತನಾಡಲಾರರೋ ಅವರ ಮುಂದೆ ಮಾತ್ರ ಅವನು ಅದನ್ನು ಬಿಟ್ಟುಬಿಡುತ್ತಿದ್ದ.

ನಮ್ಮ ಕನ್ನಡದಲ್ಲಿ ಇದನ್ನು ಗುರುತಿಸಲು ಒಂದು ಸುಲಭ ದಾರಿಯಿದೆ. ಬಹುವಚನ ಎಲ್ಲಿ ಕಳಚಿ ಬೀಳುತ್ತದೆ ಎಂಬುದನ್ನು ಗಮನಿಸಿ. ತಂದೆಯ ವಯಸ್ಸಿನ ಸಪ್ಲೈಯರನ್ನು "ಏನೋ" ಎಂದವನು, ತನ್ನ ವಾರಿಗೆಯ ಮಾಲೀಕನನ್ನು "ಸಾರ್" ಎಂದಿದ್ದಾನೆ. ಆಟೋದವರನ್ನು, ಕಸ ಒಯ್ಯುವವರನ್ನು, ಮನೆಗೆಲಸದವರನ್ನು ಸಮಾಧಾನದ ಹೊತ್ತಿನಲ್ಲಿ "ಬನ್ನಿ, ಹೋಗಿ" ಎನ್ನುವುದು ದೊಡ್ಡದಲ್ಲ. ಕೋಪದ ಹೊತ್ತಿನಲ್ಲೂ ಆ "ಬನ್ನಿ" ಉಳಿಯುತ್ತದೆಯೇ? ಉಳಿದರೆ, ಅಲ್ಲಿ ಕೋಪವಿದ್ದರೂ ಎದುರಿಗಿರುವವನು ಮನುಷ್ಯನೆಂಬ ನೆನಪು ಹೋಗಿಲ್ಲ.

ಕೋಪ ಬೇರೆ, ತಿರಸ್ಕಾರ ಬೇರೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. "ರಸಂ ಚೆಲ್ಲಿತಲ್ಲ, ಸ್ವಲ್ಪ ನೋಡಿ ಬಡಿಸಬಾರದೇ?" ಎಂಬುದು ಕೋಪ, ಅದು ಆದ ತಪ್ಪಿನ ಬಗ್ಗೆ ಮಾತನಾಡುತ್ತದೆ. "ಯಾವನೋ ನಿನ್ನ ಕೆಲಸಕ್ಕೆ ಇಟ್ಕೊಂಡಿದ್ದು?" ಎಂಬುದು ತಿರಸ್ಕಾರ; ಅದು ಮನುಷ್ಯನ ಬೆಲೆಯ ಬಗ್ಗೆ ಮಾತನಾಡುತ್ತದೆ. ದಂಪತಿಗಳ ಜಗಳಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಅವರು, ದಾಂಪತ್ಯವನ್ನು ಹೆಚ್ಚಾಗಿ ಮುರಿಯುವುದು ಕೋಪವಲ್ಲ, ತಿರಸ್ಕಾರ ಎಂದು ಕಂಡುಕೊಂಡಿದ್ದಾರೆ. ಕೋಪಿಷ್ಠ ಗಂಡಂದಿರೊಡನೆ, ಕೋಪಿಷ್ಠ ಹೆಂಡಂದಿರೊಡನೆ ಐವತ್ತು ವರ್ಷ ಸುಖವಾಗಿ ಬಾಳಿದವರು ನಮ್ಮ ಧರ್ಮಕೇಂದ್ರದಲ್ಲೂ ಇದ್ದಾರೆ. ಅವರ ಮನೆಯಲ್ಲಿ ಕೂಗಾಟ ಕೇಳಿಸುತ್ತದೆ, ಹೀಯಾಳಿಕೆ ಕೇಳಿಸುವುದಿಲ್ಲ.

ಆದರೆ ನಮ್ಮ ಹುಡುಗಿಯ ಪ್ರಶ್ನೆ ಬೇರೆಯಿತ್ತು. "ಅವ್ರು ಬೇರೆಯವ್ರ ಜೊತೆ ಹಾಗಿದ್ರೆ ನನ್ನ ಜೊತೆನೂ ಹಾಗೇ ಇರ್ತಾರೆ ಅಂತ ಹೇಗೆ ಹೇಳೋದು? ಈಗ ಹಾಗಿಲ್ವಲ್ಲ?"

ನ್ಯಾಯವಾದ ಪ್ರಶ್ನೆ. ನಿಶ್ಚಿತಾರ್ಥವಾದ ಹುಡುಗಿ ಗಂಡಿನ ಪಾಲಿಗೆ ಇನ್ನೂ ಅತಿಥಿ. ಅವಳು ಬೇಡವೆಂದು ಹೇಳಬಹುದಾದವಳು. ಅವಳ ಹಿಂದೆ ತಂದೆ, ಅಣ್ಣ, ಬಂಧುಬಳಗ ಇರುತ್ತಾರೆ. ಆದ್ದರಿಂದ ಅವಳಿಗೆ ಸಿಗುವುದು ಮಾಲೀಕರಿಗೆ ಸಿಕ್ಕ ಮಾತು. ಮದುವೆಯಾಗಿ ಆರು ತಿಂಗಳಾದ ಮೇಲೆ ಅವಳು ಎಲ್ಲಿ ನಿಂತಿರುತ್ತಾಳೆ? ಬೆಳಿಗ್ಗೆ ಕಾಫಿ ತರುವವಳು ಅವಳೇ, ಮಧ್ಯಾಹ್ನ ಬಡಿಸುವವಳು ಅವಳೇ, ದಾರಿ ತಪ್ಪಿದರೆ ಪಕ್ಕದಲ್ಲಿ ಕುಳಿತಿರುವವಳು ಅವಳೇ. ಇದನ್ನು ಹೆಂಗಸರ ಕೆಲಸವೆಂದು ನಾವು ಹೇಳುತ್ತಿಲ್ಲ. ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ದಿನವೂ ಏನನ್ನಾದರೂ ತಂದುಕೊಡುತ್ತಲೇ ಇರುತ್ತಾರೆ, ದಿನವೂ ಏನನ್ನಾದರೂ ಚೆಲ್ಲುತ್ತಲೇ ಇರುತ್ತಾರೆ. ಮದುವೆಯೆಂದರೆ ಅತಿಥಿಯ ಕುರ್ಚಿಯಿಂದ ಎದ್ದು ಬಡಿಸುವವರ ಜಾಗಕ್ಕೆ ಬರುವುದು. ಆ ಜಾಗದಲ್ಲಿ ನಿಂತವರನ್ನು ಇವನು ಹೇಗೆ ಕಾಣುತ್ತಾನೆ ಎಂಬುದಕ್ಕೆ ಉತ್ತರ ಹೋಟೆಲಿನಲ್ಲಿ, ಕ್ಯಾಬಿನಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಮೊದಲೇ ಸಿಕ್ಕಿರುತ್ತದೆ. ಮೂರರಲ್ಲಿ ಚಿಕ್ಕಮ್ಮನ ಕಾಫಿಯನ್ನೇ ನಾವು ಹೆಚ್ಚು ಗಂಭೀರವಾಗಿ ತೆಗೆದುಕೊಂಡೆವು. ಸಪ್ಲೈಯರ್ ಹೊರಗಿನವನು, ಚಿಕ್ಕಮ್ಮ ರಕ್ತಸಂಬಂಧಿ. ರಕ್ತಸಂಬಂಧವೂ ಆಕೆಯನ್ನು ಉಳಿಸಲಿಲ್ಲ, ಏಕೆಂದರೆ ಆಕೆಗೆ ಹೋಗಲು ಬೇರೆ ಮನೆಯಿರಲಿಲ್ಲ.

ಸಮುವೇಲನ ಮೊದಲನೇ ಗ್ರಂಥದ 25ನೇ ಅಧ್ಯಾಯದಲ್ಲಿ ಇಂಥದೇ ಒಂದು ಮನೆಯಿದೆ. ಭಾನುವಾರದ ವಾಚನಗಳಲ್ಲಿ ಅದು ಬರುವುದಿಲ್ಲವಾದ್ದರಿಂದ ಹಲವರಿಗೆ ಪರಿಚಯವಿಲ್ಲ. ನಾಬಾಲನೆಂಬ ಸಿರಿವಂತನಿಗೆ ಮೂರು ಸಾವಿರ ಕುರಿಗಳೂ ಸಾವಿರ ಮೇಕೆಗಳೂ ಇದ್ದವು. ಉಣ್ಣೆ ಕತ್ತರಿಸುವ ಹಬ್ಬದ ದಿನ ದಾವೀದನ ಹತ್ತು ಮಂದಿ ಯುವಕರು ಬಂದು, ನಿನ್ನ ಕುರುಬರಿಗೆ ನಾವು ಕಾಡಿನಲ್ಲಿ ಕಾವಲಾಗಿದ್ದೆವು, ಏನಾದರೂ ಕೊಡು ಎಂದು ವಿನಯದಿಂದ ಕೇಳಿದರು. ನಾಬಾಲ ಇಲ್ಲವೆಂದಷ್ಟೇ ಹೇಳಲಿಲ್ಲ. ದಾವೀದನೆಂದರೆ ಯಾರು, ಯಜಮಾನನನ್ನು ಬಿಟ್ಟು ಓಡಿಹೋದ ಆಳುಗಳು ಈಗ ಬಹಳ ಇದ್ದಾರೆ ಎಂದು ಹೀಯಾಳಿಸಿದ. ದಾವೀದ ನಾನೂರು ಜನರೊಡನೆ ಕತ್ತಿ ಕಟ್ಟಿ ಹೊರಟ.

ಆ ಮನೆಯನ್ನು ಉಳಿಸಿದವಳು ನಾಬಾಲನ ಹೆಂಡತಿ ಅಬೀಗೈಲ. ಇನ್ನೂರು ರೊಟ್ಟಿ, ಎರಡು ಬುದ್ದಲಿ ದ್ರಾಕ್ಷಾರಸ, ಅಡುಗೆಗೆ ಸಿದ್ಧವಾದ ಐದು ಕುರಿ, ಹುರಿದ ಕಾಳು, ಒಣದ್ರಾಕ್ಷಿ, ಅಂಜೂರದ ಉಂಡೆಗಳನ್ನು ಕತ್ತೆಗಳ ಮೇಲೆ ಹೇರಿಸಿಕೊಂಡು, ಗಂಡನಿಗೆ ತಿಳಿಸದೆ ಅವಳು ದಾವೀದನ ಎದುರು ಹೋಗಿ ಬಿದ್ದಳು. ಅವಳ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ನಮ್ಮ ಗಮನ ಮಾತ್ರ ಅವಳಿಗೆ ಸುದ್ದಿ ತಂದ ಒಬ್ಬ ಆಳಿನ ಮೇಲೆ. ನಮ್ಮ ಯಜಮಾನ ಎಂಥವನೆಂದರೆ ಅವನೊಡನೆ ಯಾರೂ ಮಾತನಾಡುವಂತೆಯೇ ಇಲ್ಲ ಎಂಬರ್ಥದ ಮಾತನ್ನು ಆ ಆಳು ಹೆಂಡತಿಗೆ ಹೇಳುತ್ತಾನೆ, ಅವಳು ಅದನ್ನು ಅಲ್ಲಗಳೆಯುವುದಿಲ್ಲ. ಅವರಿಬ್ಬರ ಅನುಭವವೂ ಒಂದೇ ಆಗಿತ್ತು. ಅವನಿಗೆ ಹೇಳದೆ ಮನೆ ನಡೆಸುವುದನ್ನು ಇಬ್ಬರೂ ಕಲಿತಿದ್ದರು.

ಇಂಥ ಮನೆಯ ಗುರುತು ಇದೇ. ಒಬ್ಬರ ಕೋಪದ ಸುತ್ತ ಇಡೀ ಮನೆ ಹೆಜ್ಜೆ ಅಳೆದು ನಡೆಯುತ್ತಿರುತ್ತದೆ. ತಾಯಿ ಓಡಿ ಬಂದು ಲೋಟ ಬದಲಿಸುತ್ತಾಳೆ. ತಂಗಿ ಮೊದಲೇ ಎಚ್ಚರಿಕೆ ಕೊಡುತ್ತಾಳೆ. "ಈಗ ಬೇಡ, ಅವನು ಊಟ ಮಾಡಲಿ, ಆಮೇಲೆ ಹೇಳೋಣ" ಎಂಬ ಮಾತು ದಿನಕ್ಕೆರಡು ಸಲ ಕೇಳಿಸುತ್ತದೆ. ಹೆಣ್ಣು ನೋಡಲು, ಗಂಡು ನೋಡಲು ಹೋದಾಗ ಮನೆಯ ಟೈಲ್ಸ್ ನೋಡುವ ಬದಲು ಇದನ್ನು ನೋಡಿಕೊಂಡು ಬನ್ನಿ ಎಂದು ನಾವು ತಾಯ್ತಂದೆಯರಿಗೆ ಹೇಳುವುದುಂಟು. ಹುಡುಗಿಯರ ವಿಷಯದಲ್ಲೂ ಇದು ಅಷ್ಟೇ ನಿಜ. ಬಟ್ಟೆ ಹೊಲಿಯುವವರ ಮೇಲೆ, ಮನೆಗೆಲಸದಾಕೆಯ ಮೇಲೆ, ಸ್ವಂತ ಅಜ್ಜಿಯ ಮೇಲೆ ಕಿರುಚುವ ವಧುವಿನ ಮುಂದೆ ವಯಸ್ಸಾದ ಅತ್ತೆಯ ಗತಿ ಏನಾದೀತೆಂಬುದನ್ನು ವರನೂ ಯೋಚಿಸಬೇಕು.

ಹಾಗೆಂದು ಒಂದು ಸಲ ಕೂಗಿದವರನ್ನೆಲ್ಲ ಬೇಡವೆಂದು ಬಿಡುವುದು ಅನ್ಯಾಯ. ರಾತ್ರಿ ಪಾಳಿ ಮುಗಿಸಿ ಬಂದವನು, ತಂದೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದವಳು, ಸಕ್ಕರೆ ಕಾಯಿಲೆಯಿದ್ದು ಊಟ ತಡವಾದವನು ಯಾರ ಮೇಲಾದರೂ ರೇಗಬಹುದು. ಅಲ್ಲಿ ನೋಡಬೇಕಾದದ್ದು ರೇಗಿದ ಮೇಲಿನ ಒಂದು ಗಂಟೆಯನ್ನು. ನಾಚಿಕೆಯಾಯಿತೇ? ತಾನಾಗಿಯೇ ಹೋಗಿ ಆ ಮನುಷ್ಯನಿಗೇ "ತಪ್ಪಾಯ್ತು" ಎಂದು ಹೇಳಿದನೇ, ಇಲ್ಲವೆ ಪಕ್ಕದಲ್ಲಿದ್ದ ನಿಮ್ಮನ್ನಷ್ಟೇ ಸಮಾಧಾನ ಮಾಡಿದನೇ? ಪೋಪ್ ಫ್ರಾನ್ಸಿಸ್‌ರವರು 2016ರಲ್ಲಿ ಕುಟುಂಬದ ಪ್ರೀತಿಯ ಬಗ್ಗೆ ಬರೆದ ಪ್ರಬೋಧನೆಯಲ್ಲಿ, ದಯವಿಟ್ಟು, ವಂದನೆ, ಕ್ಷಮಿಸಿ ಎಂಬ ಮೂರು ಮಾತುಗಳು ಮನೆಗೆ ಬೇಕೇಬೇಕೆಂದು ಹೇಳಿದ್ದಾರೆ. ಈ ಮೂರನ್ನೂ ಕೆಳಗಿನವರಿಗೆ ಎಂದೂ ಹೇಳದ ನಾಲಿಗೆ ಮನೆಯೊಳಗೆ ಅವನ್ನು ಕಲಿತುಬಿಡುತ್ತದೆಂದು ನಂಬುವುದು ಕಷ್ಟ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಓದುಗರಿಗೆ ಮೋಸವಾದೀತು. ಹೋಟೆಲಿನಲ್ಲಿ ಎಲ್ಲರಿಗೂ ನಗುತ್ತಾ ವಂದಿಸಿ, ಕೈತುಂಬ ಟಿಪ್ಸ್ ಕೊಟ್ಟು, ಮನೆಯ ಬಾಗಿಲು ಹಾಕಿಕೊಂಡ ಮೇಲೆ ಹೆಂಡತಿಯನ್ನು ಮಾತಿನಿಂದ ಚುಚ್ಚುವವರೂ ಇದ್ದಾರೆ. ಸಪ್ಲೈಯರೊಡನೆ ಒರಟಾಗಿ ನಡೆದುಕೊಳ್ಳುವುದು ಎಚ್ಚರಿಕೆಯ ಗಂಟೆ ಹೌದು, ಆದರೆ ಅವನೊಡನೆ ಸೌಜನ್ಯದಿಂದ ನಡೆದುಕೊಳ್ಳುವುದು ಖಾತರಿಪತ್ರವಲ್ಲ. ಇಂಥವರ ವಿಷಯದಲ್ಲಿ ಮನೆಯವರ ಕಣ್ಣುಗಳನ್ನು ಓದುವುದೊಂದೇ ದಾರಿ.

ಆ ಹುಡುಗಿಗೆ ನಾವು ಮದುವೆಯಾಗು ಎಂದೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಒಂದು ಶಾಂತವಾದ ದಿನ ನೋಡಿ ಅವನಿಗೇ ಹೇಳು ಎಂದೆವು. "ನೀವು ಕೋಪಿಷ್ಠರು" ಎಂದು ಗುಣವನ್ನು ಹಿಡಿದು ಹೇಳುವುದು ಬೇಡ. "ಅವತ್ತು ಹೋಟೆಲಿನಲ್ಲಿ ಆ ಹಿರಿಯರಿಗೆ ನೀವು ಹೀಗೆ ಅಂದಿರಿ, ನನಗೆ ಭಯವಾಯಿತು" ಎಂದು ಕಂಡಿದ್ದನ್ನು ಕಂಡಂತೆ ಹೇಳಬೇಕು. ಆಮೇಲೆ ಸುಮ್ಮನಿದ್ದು ಉತ್ತರವನ್ನು ಕೇಳಬೇಕು. ಇಂಥ ಮಾತಿಗೆ ಕೆಲವರು ತಲೆತಗ್ಗಿಸುತ್ತಾರೆ, ಕೆಲವರು ನಕ್ಕು ತೇಲಿಸುತ್ತಾರೆ, ಕೆಲವರು "ನಿನಗೆ ನನಗಿಂತ ಆ ಸಪ್ಲೈಯರ್ ಹೆಚ್ಚಾದನಾ?" ಎಂದು ತಿರುಗಿ ಬೀಳುತ್ತಾರೆ. ತಲೆತಗ್ಗಿಸಿದವರ ವಿಷಯದಲ್ಲೂ ಅಷ್ಟಕ್ಕೇ ನಂಬಬಾರದು. ಕೆಲವು ತಿಂಗಳು ಕಾಯಬೇಕು. ಹುಡುಗಿಯ ಮೇಲೆ ಕೈ ಎತ್ತಿದ್ದರೆ, ಬೆದರಿಸಿದ್ದರೆ ಈ ಮಾತುಕತೆಯ ಪ್ರಯತ್ನವೂ ಬೇಡ. ಒಬ್ಬಳೇ ಎದುರಿಸದೆ ಮನೆಯವರಿಗೆ ತಿಳಿಸಿ ದೂರವಾಗಬೇಕು. ಮದುವೆಯಾದವರಾದರೆ 181ಕ್ಕೆ ಫೋನ್ ಮಾಡಬಹುದು. ಮಹಿಳೆಯರ ರಕ್ಷಣೆಗೆಂದಿರುವ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಹೊಡೆತದ ಜೊತೆಗೆ ಅವಮಾನದ ಮಾತನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ.

ಅವನು ತಲೆತಗ್ಗಿಸಿದ. ಅವಳಿಗೆ ಬಹಳ ಸಂತೋಷವಾಯಿತು. ಆದರೂ ಮದುವೆಯನ್ನು ಪಾಸ್ಖ ಹಬ್ಬದ ನಂತರಕ್ಕೆ ಮುಂದೂಡಬೇಕೆಂದು ಅವಳು ಕೇಳಿದಾಗ ಎರಡು ಮನೆಗಳಲ್ಲೂ ಗಲಾಟೆಯಾಯಿತು. ಛತ್ರಕ್ಕೆ ಕೊಟ್ಟ ಮುಂಗಡ ಹೋಯಿತು. "ರಸಂ ಚೆಲ್ಲಿದ್ದಕ್ಕೆ ಮದುವೆ ನಿಲ್ಲಿಸಿದಳು" ಎಂಬ ಹಾಸ್ಯ ಊರೆಲ್ಲ ಹರಡಿತು. ಅವಳ ತಂದೆ ನಮ್ಮ ಬಳಿ ಬಂದು, ಪ್ರಕಟಣೆ ಓದಿಯಾದ ಮೇಲೆ ಹಿಂದೆಗೆದರೆ ಪಾಪವಲ್ಲವೇ ಎಂದು ಕೇಳಿದರು. ಅಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 1062ನೇ ಕಟ್ಟಳೆಯ ಪ್ರಕಾರ, ಮದುವೆಯ ಮಾತು ಕೊಟ್ಟಿದ್ದಾರೆಂಬ ಕಾರಣದಿಂದ ಮದುವೆಯಾಗಲೇಬೇಕೆಂದು ಯಾರನ್ನೂ ಬಲವಂತಪಡಿಸಲು ಹಕ್ಕಿಲ್ಲ. ನಷ್ಟವಾಗಿದ್ದರೆ ಅದನ್ನು ನ್ಯಾಯವಾಗಿ ತುಂಬಿಕೊಡುವ ಮಾತು ಬೇರೆ. ಮುಂದೆ ಒಡೆಯುವುದು ಕಣ್ಣಿಗೆ ಕಾಣುತ್ತಿರುವ ಸಂಬಂಧವನ್ನು ಮೊದಲೇ ಬಿಡುವುದು ವಿವೇಕವೆಂಬುದನ್ನು ಜೋಡಿಗಳು ಮನಗಾಣಬೇಕೆಂದು ಪೋಪ್ ಫ್ರಾನ್ಸಿಸ್‌ರವರೂ ಅದೇ ಪ್ರಬೋಧನೆಯಲ್ಲಿ ಬರೆದಿದ್ದಾರೆ. ವಿವಾಹ ಸಂಸ್ಕಾರವಾದ ಮೇಲೆ ಬಿಡಿಸಲಾಗದ ಗಂಟು, ಸಂಸ್ಕಾರಕ್ಕೆ ಮೊದಲು ಇನ್ನೂ ಬಿದ್ದಿರುವುದಿಲ್ಲ. ಗುರುಗಳು ವಿವಾಹ ವಿಚಾರಣೆಯಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು, ನಿನ್ನ ಸ್ವಂತ ಇಚ್ಛೆಯಿಂದ ಬಂದಿದ್ದೀಯಾ ಎಂದು ಕೇಳುವುದು ಇದಕ್ಕಾಗಿಯೇ. ಅದೊಂದು ಶಾಸ್ತ್ರವೆಂದು ತಿಳಿದು ಹೂಂ ಎಂದುಬಿಡಬೇಡಿ.

ಎರಡು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಹುಡುಗ ಡ್ರೈವರುಗಳಿಗೆ "ಅಣ್ಣ" ಎನ್ನುತ್ತಿದ್ದನಂತೆ. ನಮಗೂ ಆಸೆ ಮೂಡಿತ್ತು. ಮಾರ್ಚ್ ಕೊನೆಯಲ್ಲಿ ಅವನ ಸೂಟು ಹೊಲಿಯಲು ಕೊಟ್ಟಿದ್ದ ಟೈಲರ್ ಹೇಳಿದ ದಿನಕ್ಕೆ ಕೊಡಲಿಲ್ಲ. ಅಂಗಡಿಯಲ್ಲಿ ಅವನು ಸುಮ್ಮನೇ ಇದ್ದ. ಹೊರಗೆ ಬಂದು ಬೈಕಿನ ಹತ್ತಿರ ನಿಂತು ಅವಳಿಗೆ, "ನಿನ್ನ ಉಪದೇಶ ಕೇಳ್ಕೊಂಡು ಬಾಯಿ ಮುಚ್ಕೊಂಡಿದ್ರೆ ಹೀಗೇ ಆಗೋದು. ನಿಂಗೇನು ತಿಳಿಯುತ್ತೆ? ಬೆಡ್‌ಪ್ಯಾನ್ ಎತ್ತೋಳು" ಎಂದ.

ಅಂದು ಮೊದಲ ಬಾರಿಗೆ ಅವಳು ಸಪ್ಲೈಯರ್ ನಿಂತಿದ್ದ ಜಾಗದಲ್ಲಿ ನಿಂತಿದ್ದಳು. ಟೈಲರ್ ಮೇಲಿನ ಕೋಪ ಆರಿರಲಿಲ್ಲ, ಇಳಿಯಲು ಬೇರೆ ಇಳಿಜಾರು ಹುಡುಕಿಕೊಂಡಿತ್ತು. ಮಾತೂ ಅದೇ ಮಾತು, ಮನುಷ್ಯರ ಕೆಲಸವನ್ನು ಹಿಡಿದು ಅವರ ಬೆಲೆ ಕಟ್ಟುವ ಮಾತು.

ಒಂದು ಶನಿವಾರ ಸಂಜೆ ನಮ್ಮ ಕಚೇರಿಯ ಮೇಜಿನ ಮೇಲೆ ಉಂಗುರಗಳೂ ಸೀರೆಯ ಡಬ್ಬವೂ ಬಂದವು. ಎರಡು ಮನೆಯ ಹಿರಿಯರೂ ಕುಳಿತು ಲೆಕ್ಕ ಮುಗಿಸಿದರು. ಮಾತು ಹೆಚ್ಚಿರಲಿಲ್ಲ. ಎಲ್ಲರೂ ಎದ್ದು ಹೊರಗೆ ಹೋದ ಮೇಲೆ ಹುಡುಗನ ತಾಯಿ ಛತ್ರಿ ಮರೆತವರಂತೆ ಮರಳಿ ಬಂದರು. ಹುಡುಗಿ ಇನ್ನೂ ಬಾಗಿಲ ಬಳಿ ಇದ್ದಳು. ಅವಳ ಕೈಹಿಡಿದುಕೊಂಡು, "ನೀನು ಕೇಳಿದ್ದನ್ನ ನಾನು ಇವನ ಅಪ್ಪನ ಹತ್ರ ಮೂವತ್ತೈದು ವರ್ಷದ ಹಿಂದೆ ಕೇಳ್ಬೇಕಾಗಿತ್ತು ಮಗಳೇ" ಎಂದು, ಹೊರಗಿನಿಂದ ಯಾರೋ ಕೂಗಿದ್ದಕ್ಕೆ ಅವಸರವಾಗಿ ಹೊರಟುಹೋದರು.